ಹಿಂದಿನ ಓಣಿಯ ನಾಲ್ಕನೇ ಕ್ಯಾಮರಾ

ಬಾಲಮ್ಮ ಮಸರಕಲ್ಲಿನ ಕುರುಬರ ಮನೆಯವಳು. ೧೯೭೯ರಲ್ಲಿ ಗಂಡನೊಂದಿಗೆ ರಾಯಚೂರಿಗೆ ಬಂದು ನಮ್ಮ ಬಡಾವಣೆಯ ಹಿಂದಿನ ಓಣಿಯಲ್ಲಿ ಮನೆ ಹಿಡಿದಳು. ಸೂಲಗಿತ್ತಿ. ಆಸ್ಪತ್ರೆಗಳು ಹೆಚ್ಚಾದ ಮೇಲೆ ಹೆರಿಗೆಯ ಕೆಲಸ ನಿಂತಿತು. ಹೆಂಗಸರು ಬರುವುದು ನಿಲ್ಲಲಿಲ್ಲ. ಮನೆಯಲ್ಲಿ ಹೇಳಲಾಗದ್ದನ್ನು ಹೇಳಲು ಮಧ್ಯಾಹ್ನ ಆ ಓಣಿ ಹಿಡಿದು ಬರುತ್ತಿದ್ದರು. ೧೯೮೪ರಲ್ಲಿ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನೂ ತಲೆಯ ಮೇಲೆ ಸೆರಗು ಎಳೆದುಕೊಂಡು ಹೋಗಿದ್ದೆ. ಎರಡನೇ ಸಲ ಬಸಿರು ಇಳಿದುಹೋಗಿತ್ತು. ಅವಳು ಯಾರಿಗೂ ಹೇಳಲಿಲ್ಲ.

ಮೂವತ್ತೆರಡು ವರ್ಷಗಳ ನಂತರ ಬಡಾವಣೆಯಲ್ಲಿ ಎರಡು ಕಳ್ಳತನಗಳಾದವು. ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ನೋಟಿಸು ಬರೆದವಳು ನಾನು. ನಾಲ್ಕು ಸಿಸಿಟಿವಿ ಕ್ಯಾಮರಾ; ಒಟ್ಟು ಐವತ್ತಾರು ಸಾವಿರ, ನಲವತ್ತು ಮನೆಗಳಿಗೆ ತಲಾ ಸಾವಿರದ ನಾನೂರು. ಜಾಗ: ಗೇಟು, ನೀರಿನ ಟ್ಯಾಂಕು, ಪಾರ್ಕು, ಹಿಂದಿನ ಓಣಿ. ದೃಶ್ಯಗಳು ಹದಿನೈದು ದಿನ ಉಳಿಯುತ್ತವೆ. ಅವನ್ನು ತೋರಿಸುವ ಟಿವಿ, ಸಂಘದ ಅಧ್ಯಕ್ಷ ಗಡಿಗೆಪ್ಪನವರ ಮನೆಯಲ್ಲಿ. ಕ್ಯಾಮರಾದ ಎದುರಿಗೆ ಬರುವ ಮನೆಯವರ ಲಿಖಿತ ಒಪ್ಪಿಗೆ ಬೇಕು. ಖಾಸಗಿತನದ ಬಗ್ಗೆ ಒಂದೇ ವಾಕ್ಯ ಬರೆದೆ: ಯಾವ ಮನೆಯ ಒಳಗೂ ಕಾಣುವುದಿಲ್ಲ.

ಓಣಿಯ ಕ್ಯಾಮರಾದ ಎದುರಿಗೆ ಬಾಲಮ್ಮನ ಮನೆ. ಅವಳು ಓದು ಕಲಿತವಳಲ್ಲ. ಒಪ್ಪಿಗೆಯ ಕಾಗದ ಹಿಡಿದು ನಾನೇ ಹೋದೆ.

"ನನ್ನ ಮನಿಯಾಗ ಕದಿಯಾಕ ಏನದರೀ ಅಮ್ಮಾರ? ಕಳ್ಳ ಬಂದ್ರ ಅವನಿಗೇ ನಾಕು ರೊಟ್ಟಿ ಕಟ್ಟಿ ಕಳಸ್ಬೇಕು" ಎಂದು ನಕ್ಕಳು. "ಒಳಗ ಕಾಣಂಗಿಲ್ಲ ಹೌದಲ್ರೀ?"

"ಇಲ್ಲ. ಬರೀ ಓಣಿ" ಎಂದೆ. ಟಿವಿ ಯಾರ ಮನೆಯಲ್ಲಿದೆ ಎಂಬುದನ್ನು ಓದಿ ಹೇಳಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿದಳು.

ಎರಡು ತಿಂಗಳಾದ ಮೇಲೆ ಸಂಘದ ಕೆಲಸಕ್ಕೆ ಗಡಿಗೆಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ನೀಲಗಂಗಮ್ಮ ಕ್ಯಾಮರಾದ ಟಿವಿ ಮುಂದೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು.

"ನಮ್ಮ ಪಕ್ಕದ ಮನಿ ಹಂಪಮ್ಮನ ಸೊಸಿ ಈ ವಾರ ಮೂರು ಸಲ ಬಾಲಮ್ಮನ ಮನಿಗೆ ಹೋಗ್ಯಾಳ್ರೀ. ಹಂಪಮ್ಮಗ ನಾನೇ ಹೇಳೀನಿ, ಒಂದೀಟು ನಿಗಾ ಇಡ್ರಿ ಅಂತ."

ಅಲ್ಲಿಂದ ನೇರ ಬಾಲಮ್ಮನ ಮನೆಗೆ ಹೋದೆ. ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಹಂಪಮ್ಮನ ಸೊಸೆಯ ವಿಷಯ ಕೇಳಿದೆ.

"ಆ ಹುಡುಗಿ ಮೈಮ್ಯಾಗ ಹೊಡ್ತದ ಬರಿ ಅದಾವ್ರಿ. ತವರಿಗೆ ಹೋಗಾಕ ಧೈರ್ಯ ಕೇಳಾಕ ಬರ್ತಿದ್ಳು. ಈಗ ಹೊಸ್ತಿಲ ದಾಟಾಕ ಬಿಡವಲ್ರು. ಉಳದವ್ರೂ ಬರವಲ್ರು. ಒಳಗ ಕಾಣಂಗಿಲ್ಲ ಅಂದಿದ್ರಿ, ಖರೇನ. ಬಾಗಿಲಿಗೆ ಬಂದವ್ರು ಕಾಣ್ತಾರಲ್ರೀ."

ಅದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಆ ಓಣಿಯಲ್ಲಿ ನಡೆದವಳು ನಾನು.

ಒಪ್ಪಿಗೆ ಹಿಂತೆಗೆಯುವ ಅರ್ಜಿ ಬರೆದು, ಪ್ರತಿ ಸಾಲನ್ನೂ ಓದಿ ಹೇಳಿ, ಅವಳ ಹೆಬ್ಬೆಟ್ಟು ಹಾಕಿಸಿದೆ. ಅರ್ಜಿ ಕೊಟ್ಟಾಗ ಗಡಿಗೆಪ್ಪ ಕನ್ನಡಕದ ಮೇಲಿಂದ ನೋಡಿದರು. "ಮೇಡಂ, ನೋಟಿಸು ನಿಮ್ದ, ತಕರಾರೂ ನಿಮ್ದ ಏನ್ರೀ?"

"ಹೌದು. ಎರಡೂ ನನ್ನವೇ."

ವಾರದಲ್ಲಿ ಓಣಿಯ ಕ್ಯಾಮರಾ ಇಳಿಯಿತು. ಮಳೆಗಾಲದ ಹೊತ್ತಿಗೆ ಒಬ್ಬೊಬ್ಬರಾಗಿ ಹೆಂಗಸರು ಬರತೊಡಗಿದರು. ಹಂಪಮ್ಮನ ಸೊಸೆ ಬಂದಿಲ್ಲ. ಸಂಘದ ಹೆಸರು ಹೇಳಿಕೊಂಡು ಅವರ ಮನೆಗೆ ಎರಡು ಸಲ ಹೋದೆ; ಎರಡೂ ಸಲ ಅತ್ತೆಯೇ ಬಾಗಿಲಿಗೆ ಬಂದಳು.