ಸುಮ್ಮನೆ ನೋಡುವುದು: ಎಂಟು ನಿಮಿಷ

ನನಗೆ ಆಗ ಮೂಗಿನ ತುದಿಯಲ್ಲೇ ಕೋಪ. ಹಿಂದೂಪುರದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುವ ಕಡೆ ಪಾಠ ಹೇಳುತ್ತಿದ್ದೆ. ಎಂಬತ್ತರ ದಶಕ. ವರ್ಷದ ಕೊನೆಗೆ ನಮ್ಮ ವಿದ್ಯಾರ್ಥಿಗಳನ್ನು ಕಲ್ಯಾಣದುರ್ಗದ ಒಂದು ಶಾಲೆಗೆ ಕರೆದುಕೊಂಡು ಹೋಗಿ, ಅಲ್ಲಿನ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಪಾಠ ಮಾಡಿಸುವುದು ನನ್ನ ಪಾಲಿನ ಕೆಲಸ. ಪಾಠಕ್ಕೆ ಮೊದಲು ಅವರ ಪಾಠ ಯೋಜನೆಯನ್ನು ನಾನು ನೋಡಬೇಕು. ಉದ್ದೇಶ, ಚಟುವಟಿಕೆ, ಕಾಲ ಹಂಚಿಕೆ, ಮೌಲ್ಯಮಾಪನ ಎಂದು ನಾಲ್ಕು ಅಂಶ. ಪ್ರತಿಯೊಂದರ ಪಕ್ಕದಲ್ಲಿ ಕೆಂಪು ಪೆನ್ಸಿಲ್‌ನಲ್ಲಿ ‘ಇದೆ’ ಅಥವಾ ‘ದುರ್ಬಲ’ ಎಂದು ಬರೆಯಬೇಕು. ಎರಡು ‘ದುರ್ಬಲ’ ಬಿದ್ದರೆ ಯೋಜನೆ ವಾಪಸ್ಸು. ಒಪ್ಪಿಗೆಯಾದ ಯೋಜನೆ ಇಲ್ಲದವರಿಗೆ ಅಂತಿಮ ಪಾಠವಿಲ್ಲ, ಅಂತಿಮ ಪಾಠವಿಲ್ಲದವರಿಗೆ ಆ ವರ್ಷ ಪಾಸಿಲ್ಲ. ಆ ಪೆನ್ಸಿಲ್ ಹಿಡಿದಾಗ ನಾನು ಸ್ವಲ್ಪ ಉಬ್ಬುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು.

ಆ ವರ್ಷದ ತಂಡದಲ್ಲಿ ಹಿಂದೂಪುರದ ನೇಕಾರರ ಮನೆಯ ಸೊಸೆಯೊಬ್ಬಳಿದ್ದಳು. ಮೂವತ್ತರ ಹತ್ತಿರದ ವಯಸ್ಸು, ಮೆಲ್ಲಗಿನ ಮಾತು. ಹಿಂದಿನ ವರ್ಷ ಜ್ವರ ಬಂದು ಅಂತಿಮ ಪಾಠ ತಪ್ಪಿಹೋಗಿತ್ತು. ‘ಇದೊಂದು ಸಲ ನೋಡೋಣ, ಆಮೇಲೆ ಮಗ್ಗದ ಕೆಲಸಕ್ಕೆ ಕೂತ್ಕೋ’ ಎಂದು ಮನೆಯಲ್ಲಿ ಹೇಳಿದ್ದರಂತೆ. ಅಂತಿಮ ಪಾಠದ ಹಿಂದಿನ ದಿನ ಮಧ್ಯಾಹ್ನ, ಶಾಲೆಯ ಬೇವಿನ ಮರದ ಕೆಳಗೆ, ತನ್ನ ಯೋಜನೆಯನ್ನು ನನ್ನ ಕೈಗಿಟ್ಟಳು.

ಪಾಠ, ನೀರು ಆವಿಯಾಗುವುದು. ಉದ್ದೇಶ: ಬಿಸಿಲಿದ್ದಲ್ಲಿ ನೀರು ಬೇಗ ಆವಿಯಾಗುತ್ತದೆ ಎಂಬುದನ್ನು ಮಕ್ಕಳು ನೋಡಿ ಹೇಳುವರು. ‘ಇದೆ’ ಎಂದು ಬರೆದೆ. ಮೌಲ್ಯಮಾಪನದಲ್ಲಿ ಮೂರು ಪ್ರಶ್ನೆ: ನೀರು ಎಲ್ಲಿ ಹೋಯಿತು, ಯಾವ ಸ್ಲೇಟು ಮೊದಲು ಒಣಗಿತು, ಯಾಕೆ. ಅದಕ್ಕೂ ‘ಇದೆ’. ಚಟುವಟಿಕೆಯ ಕಲಮಿನಲ್ಲಿ ಹೀಗಿತ್ತು: ಎರಡು ಒದ್ದೆ ಸ್ಲೇಟು, ಒಂದು ಕಿಟಕಿಯ ಬಿಸಿಲಿಗೆ, ಒಂದು ಒಳಗೆ ಮೇಜಿನ ಮೇಲೆ. ಮುಂದೆ, ‘ಸುಮ್ಮನೆ ನೋಡುವುದು: ಎಂಟು ನಿಮಿಷ.’

ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎಂಟು ನಿಮಿಷ ಸುಮ್ಮನೆ! ನನಗೆ ರೇಗಿತು.

‘ಏನಮ್ಮಾ ಇದು? ಮಕ್ಕಳು ಸುಮ್ಮನೆ ಕೂರೋದು ಚಟುವಟಿಕೆಯಾ? ಆ ಹೊತ್ತಿನಲ್ಲಿ ಟೀಚರ್ ಏನು ಮಾಡ್ತಾಳೆ?’

‘ನಾನೂ ನೋಡ್ತೀನಿ ಮೇಡಮ್,’ ಎಂದಳು. ‘ಮನೇಲಿ ಎಷ್ಟೋ ಸಲ ನೋಡಿವ್ನಿ. ಅಂಚಿಂದ ಒಳಕ್ಕೆ ಒಣಗ್ತಾ ಬತ್ತದೆ. ನೋಡ್ತಾ ನೋಡ್ತಾನೇ ಇಲ್ದಂಗೆ ಆಗೋಯ್ತದೆ.’

ನಾನು ಕೇಳಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು. ಚಟುವಟಿಕೆ ದುರ್ಬಲ, ಕಾಲ ಹಂಚಿಕೆ ದುರ್ಬಲ ಎಂದು ಬರೆದು, ನೋಡುವುದಕ್ಕೆ ಎರಡು ನಿಮಿಷ ಸಾಕು, ಉಳಿದ ಆರು ನಿಮಿಷ ಚಾರ್ಟು ತೋರಿಸಿ ವಿವರಿಸು ಎಂದೆ. ಅವಳು ಒಂದು ಕ್ಷಣ ಆ ಕೆಂಪು ಅಕ್ಷರಗಳನ್ನೇ ನೋಡಿದಳು. ‘ಸರೇ ಮೇಡಮ್, ಬರಕೊಂಡ್ ಬತ್ತೀನಿ,’ ಎಂದು ಹೋದಳು. ಹಳೆಯ ಹಾಳೆ ನನ್ನ ಫೈಲಿನಲ್ಲೇ ಉಳಿಯಿತು. ಸಂಜೆ ಬಂದ ಹೊಸ ಯೋಜನೆಗೆ ನಾಲ್ಕು ‘ಇದೆ’ ಬರೆದು ಸಹಿ ಹಾಕಿದೆ. ಉದ್ದೇಶದಲ್ಲಿ ‘ನೋಡಿ ಹೇಳುವರು’ ಎಂದು ಹಾಗೇ ಇತ್ತು. ನೋಡಲು ಹೊತ್ತೇ ಇಲ್ಲದಂತೆ ಮಾಡಿದವಳು ನಾನು ಎಂಬುದು ಹೊಳೆಯಲಿಲ್ಲ.

ಮರುದಿನ ಹೊರಗಿನ ಪರೀಕ್ಷಕರು ಬಂದರು. ವಯಸ್ಸಾದವರು, ಮಾತು ಕಡಿಮೆ. ನಾವಿಬ್ಬರೂ ಕೊನೆಯ ಬೆಂಚಿನಲ್ಲಿ ಕೂತೆವು. ಊಟದ ನಂತರದ ಪೀರಿಯಡ್ಡು. ಹೊರಗೆ ಬಿಸಿಲು ಬೆಳ್ಳಗೆ ನಿಂತಿತ್ತು, ಐದನೇ ತರಗತಿಯ ಮಕ್ಕಳ ಕಣ್ಣುಗಳು ಅರ್ಧ ಮುಚ್ಚಿದ್ದವು. ಅವಳು ಸ್ಲೇಟುಗಳನ್ನು ಒದ್ದೆ ಮಾಡಿ ಇಟ್ಟಳು. ಎರಡು ನಿಮಿಷ ಕಳೆಯಿತು. ಕಿಟಕಿಯ ಸ್ಲೇಟಿನ ಅಂಚು ಬೆಳ್ಳಗಾಗಿತ್ತು ಅಷ್ಟೆ, ನಡುವೆ ನೀರು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಅವಳು ನನ್ನತ್ತ ನೋಡಿದಳು. ನಾನು ಕೈಗಡಿಯಾರದ ಮೇಲೆ ಬೆರಳು ಬಡಿದೆ.

ಪಾಪ, ಅವಳು ಏನು ಮಾಡಿಯಾಳು? ಎರಡೂ ಸ್ಲೇಟನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟು, ಚಾರ್ಟು ಬಿಚ್ಚಿದಳು. ಯೋಜನೆಯಲ್ಲಿದ್ದಂತೆಯೇ ಎಲ್ಲ ನಡೆಯಿತು. ಸಮುದ್ರ, ಸೂರ್ಯ, ಬಾಣದ ಗುರುತು. ಮಕ್ಕಳು ಆಕಳಿಸಿದರು. ಆಮೇಲೆ ಮೌಲ್ಯಮಾಪನ.

‘ಸ್ಲೇಟಿನ ಮೇಲಿದ್ದ ನೀರು ಎಲ್ಲಿ ಹೋಯ್ತು?’

ಮುಂದಿನ ಸಾಲಿನ ಜಡೆಯ ಹುಡುಗಿ ಥಟ್ಟನೆ ಎದ್ದಳು. ‘ನಿಮ್ಮ ಸೆರಗಿಗೆ ಹೋಯ್ತು ಟೀಚರ್!’

ಇಡೀ ತರಗತಿ ಗೊಳ್ಳೆಂದಿತು. ಹುಡುಗಿ ತಮಾಷೆ ಮಾಡಿರಲಿಲ್ಲ, ಕಂಡದ್ದನ್ನು ಹೇಳಿದ್ದಳು. ಈ ಹೆಣ್ಣುಮಗಳ ಎರಡನೇ ವರ್ಷವೂ ಹೋಯಿತು, ಕೆಡಿಸಿದವಳು ನಾನು ಎಂದು ನಾಚಿಕೆಯಾಯಿತು. ಅವಳು ತನ್ನ ಒದ್ದೆ ಸೆರಗನ್ನು ನೋಡಿಕೊಂಡಳು. ಆಮೇಲೆ ಯೋಜನೆಯ ಹಾಳೆ ಮಡಚಿಟ್ಟಳು.

‘ದಿಟ ಕಣಮ್ಮ. ನಾನೇ ಒರೆಸ್ಬುಟ್ಟೆ, ತಪ್ಪಾಯ್ತು. ಬನ್ನಿ, ಎಲ್ಲಾರೂ ಹತ್ರ ಬನ್ನಿ. ಈಗ ಯಾರೂ ಮುಟ್ಟೋದ್ ಬ್ಯಾಡ.’

ಸ್ಲೇಟುಗಳು ಮತ್ತೆ ಒದ್ದೆಯಾದವು. ಅರ್ಧ ಮಕ್ಕಳು ಕಿಟಕಿಗೆ, ಅರ್ಧ ಮಕ್ಕಳು ಮೇಜಿಗೆ ಮುತ್ತಿಕೊಂಡರು. ಮಾತಿಲ್ಲ. ಎಲ್ಲೋ ದೂರದಲ್ಲಿ ಬಸ್ಸಿನ ಹಾರನ್ನು, ಬೇವಿನ ಎಲೆಯ ಸದ್ದು, ಮತ್ತೆ ಏನೂ ಇಲ್ಲ. ಯಾವಾಗ ಎದ್ದು ಹೋದೆನೋ ಗೊತ್ತಿಲ್ಲ, ನಾನೂ ಮಕ್ಕಳ ಹಿಂದೆ ನಿಂತಿದ್ದೆ. ನೀರು ಅಂಚಿನಿಂದ ಹಿಂದೆ ಸರಿಯುತ್ತಾ ಕೆರೆಯಾಯಿತು, ಕೆರೆ ಕುಂಟೆಯಾಯಿತು, ಕುಂಟೆ ಒಂದು ಹುಣಸೆಬೀಜದಷ್ಟಾಯಿತು. ಎಷ್ಟು ಹೊತ್ತೋ. ನನ್ನ ಗಡಿಯಾರ ಕೈಯಲ್ಲಿತ್ತು, ನಾನು ಅದನ್ನು ನೋಡಲಿಲ್ಲ. ಅಷ್ಟು ವರ್ಷ ನೀರು ಆವಿಯಾಗುವುದನ್ನು ಕಲಿಸಿದ ನಾನು ಒಮ್ಮೆಯೂ ಅದನ್ನು ನಿಂತು ನೋಡಿರಲಿಲ್ಲ.

‘ಹೋಯ್ತು!’ ಎಂದಳು ಆ ಹುಡುಗಿ, ಪಿಸುಮಾತಿನಲ್ಲಿ. ‘ಯಾರೂ ಒರೆಸ್ಲಿಲ್ಲ. ಬಿಸ್ಲಿಗೆ ಗಾಳಿಗೋಯ್ತು.’ ಮೇಜಿನ ಹತ್ತಿರದವರು, ‘ನಮ್ದು ಇನ್ನೂ ಅದೆ, ಇಲ್ಲಿ ಬಿಸ್ಲಿಲ್ಲ,’ ಎಂದು ಕೂಗಿದರು. ಕೇಳದೆಯೇ ಮೂರು ಪ್ರಶ್ನೆಗೂ ಉತ್ತರ ಬಂದಿತ್ತು. ಗಂಟೆ ಹೊಡೆಯಿತು. ಪುನರಾವರ್ತನೆಯಿಲ್ಲ, ಮನೆಗೆಲಸ ಕೊಟ್ಟಿಲ್ಲ.

ವರಾಂಡದಲ್ಲಿ ಪರೀಕ್ಷಕರು ಅವಳ ಯೋಜನೆ ತಿರುವಿ ಹಾಕಿದರು. ‘ಇದರಲ್ಲಿ ನಾಲ್ಕೂ ಇದೆ ಅಂತ ನಿಮ್ಮ ಸಹಿ ಇದೆ. ಆದರೆ ಆಕೆ ಕೊನೆಗೆ ಮಾಡಿದ ಪಾಠ ಇದರಲ್ಲಿಲ್ಲ. ಯೋಜನೆಯಿಲ್ಲದ ಪಾಠಕ್ಕೆ ನಾನು ಅಂಕ ಕೊಡೋ ಹಾಗಿಲ್ಲ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಕಂಬದ ಪಕ್ಕ ಅವಳು ನಿಂತಿದ್ದಳು, ಚಾರ್ಟು ಸುರುಳಿ ಸುತ್ತಿ ಎದೆಗೆ ಒತ್ತಿಕೊಂಡು. ಅವಳು ನನ್ನ ಮೇಲೆ ದೂರು ಹೇಳುವವಳಲ್ಲ ಎಂದು ನನಗೆ ಗೊತ್ತಿತ್ತು. ಅದೇ ನನ್ನನ್ನು ಚುಚ್ಚಿತು.

ಫೈಲಿನಿಂದ ಹಳೆಯ ಹಾಳೆ ತೆಗೆದುಕೊಟ್ಟೆ. ‘ಯೋಜನೆ ಇತ್ತು ಸಾರ್. ಕೆಡಿಸಿದ್ದು ನಾನು.’

ಅವರು ನಿಧಾನವಾಗಿ ಓದಿದರು. ನನ್ನ ಎರಡು ಕೆಂಪು ‘ದುರ್ಬಲ’ಗಳ ಮೇಲೆ ಅವರ ಬೆರಳು ನಿಂತಿತು. ಅಂಕಪಟ್ಟಿ ತೊಡೆಯ ಮೇಲಿಟ್ಟುಕೊಂಡು ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಮೂರಕ್ಕೂ ‘ಇದೆ’ ಎಂದು ಬರೆದರು. ಕಾಲ ಹಂಚಿಕೆಗೆ ಬಂದಾಗ ತುಸು ತಡೆದರು. ಆಮೇಲೆ ಬರೆದು, ನನ್ನ ಸಹಿಗಾಗಿ ಹಾಳೆಯನ್ನು ಇತ್ತ ತಿರುಗಿಸಿದರು.

‘ದುರ್ಬಲ,’ ಎಂದಿತ್ತು. ‘ಪರಿಶೀಲಿಸಿದವರ ತಪ್ಪಿನಿಂದ. ಅಭ್ಯರ್ಥಿ ಉತ್ತೀರ್ಣ.’

ನಾನು ಅದರ ಕೆಳಗೆ ಸಹಿ ಹಾಕಿದೆ.