ಟೈಲ್ಸ್ ಕೆರೆದ ಕಾರ್ಡು

ಮಾನ್ವಿಯ ಮನೆಯೊಂದರ ಬಚ್ಚಲಲ್ಲಿ ಗಾಜಿನ ತಡೆಗೂ ಟೈಲ್ಸಿಗೂ ನಡುವಿನ ಸಂದಿಯಲ್ಲಿ ಗಟ್ಟಿಯಾಗಿ ಕಪ್ಪಾಗಿದ್ದ ಸಿಲಿಕಾನ್ ಅಂಟು ತೆಗೆದು ಹೊಸದು ಹಾಕಲು ಹೋಗಿದ್ದೆ. ಗಾಜಿಗೆ ಸೋಪಿನ ನೀರು ಚಿಮುಕಿಸಿ, ಬ್ಲೇಡನ್ನು ಮಲಗಿಸಿ ಹಿಡಿದು ಅದರ ಮೇಲಿನ ಅಂಟನ್ನು ಎಬ್ಬಿಸಿದೆ. ಹೊಳೆಯುವ ಟೈಲ್ಸ್ ಮೇಲೆ ಮಾತ್ರ ಗೀರು ಬಿದ್ದೀತೆಂದು ಬ್ಲೇಡ್ ಆಡಿಸಲು ಧೈರ್ಯವಾಗಲಿಲ್ಲ. ಕೆರೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ರಾಯಚೂರಿನ ಮನೆಯಲ್ಲೇ ಮರೆತು ಬಂದಿದ್ದೆ.

"ಹಳೇ ಪ್ಲಾಸ್ಟಿಕ್ ಕಾರ್ಡ್ ಏನರ ಅದ ಏನ್ರೀ ಯವ್ವಾ?" ಎಂದೆ.

ಮನೆಯೊಡತಿ ಕಪಾಟಿನಿಂದ ಒಂದನ್ನು ತಂದುಕೊಟ್ಟರು. ಅದರ ಅಂಚಿನಿಂದ ಅರ್ಧ ಗಂಟೆ ಕೆರೆದು, ಉಳಿದ ಜಿಗುಟನ್ನು ಸ್ಪಿರಿಟ್ ಹಚ್ಚಿ ಒರೆಸಿದೆ.

ಅಷ್ಟರಲ್ಲಿ ಯಜಮಾನರು ಬೈಕಿನ ಕೀಲಿ ಹಿಡಿದು ಬಂದು, "ನನ್ನ ಲೈಸೆನ್ಸ್ ಎಲ್ಲಿಟ್ಟಿ?" ಎಂದು ಹೆಂಡತಿಯನ್ನು ಕೇಳಿದರು. ನಾನು ಕೈಯಲ್ಲಿದ್ದ ಕಾರ್ಡನ್ನು ತಿರುಗಿಸಿ ನೋಡಿದೆ. ಅಂಚು ಸವೆದಿತ್ತು, ಫೋಟೊದಲ್ಲಿದ್ದ ಯಜಮಾನರಿಗೆ ಸಿಲಿಕಾನಿನ ಕಪ್ಪು ಗಡ್ಡ ಬಂದಿತ್ತು.

ಆಕೆ ಗೋಡೆ ಸವರಿ ನೋಡಿ, ಗಂಡನಿಗೆ, "ಟೈಲ್ಸಿಗೆ ಒಂದು ಗೀರೂ ಬಿದ್ದಿಲ್ಲ ನೋಡ್ರಿ" ಎಂದರು.