ಕೊರಳಲ್ಲಿದ್ದ ಪೆನ್‌ಡ್ರೈವ್

೨೦೦೯. ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಕೆಲಸದ ಸಂದರ್ಶನದಲ್ಲಿ ಕುಳಿತರೂ ಪ್ರಮಿತಾಳ ಜೀವವೆಲ್ಲ ಗೇಟಿನಾಚೆ, ಅವ್ವನ ತೊಡೆಯ ಮೇಲಿದ್ದ ಹಸುಗೂಸಿನ ಕಡೆಗೇ ಇತ್ತು. ಈ ಕೆಲಸ ತಪ್ಪಿದರೆ ಕೂಸನ್ನು ಬಿಟ್ಟು ಹೈದರಾಬಾದಿಗೆ ಹೋಗಬೇಕು.

“ವೈರಸ್ ಬಂದ್ರ ಕಂಪ್ಯೂಟರ್ ಬಂದ್ ಮಾಡ್ತೀರೇನ್ರಿ?” ಮ್ಯಾನೇಜರ್ ಅಣವೀರಪ್ಪ ಕೇಳಿದರು.

“ಇಲ್ರಿ ಸರ್, ಸುಳಿವು ಅಳಿಸಿ ಹೋಗ್ತಾವ. ಮೊದಲು ನೆಟ್‌ವರ್ಕ್ ಕೇಬಲ್ ತೆಗೀತೀನಿ. ಹೆಂಗ ಬಂತು ಅಂತ ಹುಡುಕಿ, ಸ್ವಚ್ಛ ಮಾಡಿ, ಬ್ಯಾಕಪ್‌ನಿಂದ ವಾಪಸ್ ತರ್ತೀನಿ.”

“ಹೆಂಗ ಬರ್ತದ?”

ಅವಳ ಕಣ್ಣು ಅಣವೀರಪ್ಪನವರ ಎದೆಯ ಕಡೆ ಹೋಯಿತು. ಲಾರಿ ತೂಗುವ ಕಾಟಾದ ಲೆಕ್ಕವನ್ನು ಆಫೀಸಿಗೆ ತರುವ ಪೆನ್‌ಡ್ರೈವ್ ಅವರ ಕೊರಳಲ್ಲೇ ನೇತಾಡುತ್ತಿತ್ತು.

“ಅದರಿಂದನೂ ಬರಬಹುದ್ರಿ.”

“ನನ್ನ ಮ್ಯಾಲೇ ಬಂದ್ಯಲ್ಲವಾ! ಬಂದ್ರ ನನಗೇನ್ ನುಕ್ಸಾನ?”

“ಕಾಟಾ ನಿಲ್ತದ್ರಿ. ತೂಕ ಆಗದ ಲಾರಿಗಳು ರೈಲ್ವೆ ಗೇಟಿನ ತನಕ ಸಾಲು ಹಚ್ತಾವ.”

ಅಣವೀರಪ್ಪ ಪೆನ್‌ಡ್ರೈವ್ ಬಿಚ್ಚಿ ಮೇಜಿನ ಮೇಲಿಟ್ಟರು.

“ಸೋಮವಾರ ಬಂದು ಇದನ್ನೇ ಮೊದಲು ನೋಡವಾ. ಈಗ ಹೋಗು, ಗೇಟಿನ ಹತ್ರ ನಿನ್ನ ಕೂಸು ಅಳಾಕತ್ತದ.”